ಅಕ್ಷರಕ್ಕೆಷ್ಟು ಪಿಕ್ಸೆಲ್? ವಾಚನಾಲಯದ ರೆಂಡರ್ ಮತ್ತು ಪುಸ್ತಕಗಳ ಬೆನ್ನು

ಇನ್ನೂ ಕಟ್ಟಿರದ ಒಂದು ಗ್ರಂಥಾಲಯದ ವಾಚನಾಲಯ ಹೇಗಿರುತ್ತದೆ ಎಂದು ತೋರಿಸುವ ಚಿತ್ರವನ್ನು ಕೆಲವು ವರ್ಷಗಳ ಹಿಂದೆ ನಾನು 3ಡಿ ತಂತ್ರಾಂಶದಲ್ಲಿ ತಯಾರಿಸಿದ್ದೆ. ಎತ್ತರದ ಕಪಾಟುಗಳು, ಉದ್ದನೆಯ ಮೇಜುಗಳು, ಮೇಲಿನ ಕಿಟಕಿಯಿಂದ ಇಳಿಯುವ ಬೆಳಕು ಎಲ್ಲವೂ ನನಗೆ ತೃಪ್ತಿ ಕೊಟ್ಟಿದ್ದವು. ಆ ಚಿತ್ರವನ್ನು ನೋಡಲು ಬಂದ ಗ್ರಂಥಪಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಲಗಡೆಯ ಕಪಾಟಿನ ಮೇಲೆ ಬೆರಳಿಟ್ಟು, "ಇಲ್ಲಿ ಬರೆದಿರುವುದು ಯಾವ ಭಾಷೆ?" ಎಂದು ಕೇಳಿದರು. ನಾನು ಆ ಭಾಗವನ್ನು ಹಿಗ್ಗಿಸಿ ನೋಡಿದೆ. ಕೊಂಡಿಗಳು, ಸೊನ್ನೆಗಳು, ಅಡ್ಡಗೀಟುಗಳು ಇದ್ದವು. ಒಂದೇ ಒಂದು ಅಕ್ಷರವಿರಲಿಲ್ಲ. ಬೆಳಕು, ಮರ, ನೆಲ ಯಾವುದರ ಬಗ್ಗೆಯೂ ಅವರು ಆಮೇಲೆ ಮಾತನಾಡಲಿಲ್ಲ, ಏಕೆಂದರೆ ಆ ಕ್ಷಣದಿಂದ ಅವರಿಗೆ ಆ ಕೋಣೆಯ ಮೇಲಿನ ನಂಬಿಕೆಯೇ ಹೋಗಿತ್ತು. ಆ ಚಿತ್ರದಲ್ಲಿ ಏನು ತಪ್ಪಿತ್ತು, ಅದನ್ನು ಮತ್ತೆ ಮಾಡಿದಾಗ ಏನನ್ನು ಬದಲಾಯಿಸಿದೆ ಎಂಬುದೇ ಈ ಹೊತ್ತಿನ ನನ್ನ ಮಾತು.

ನಾನು ಆಗ ಮಾಡಿದ್ದು ನಮ್ಮಲ್ಲಿ ಹೆಚ್ಚಿನವರು ಮಾಡುವ ಕೆಲಸವೇ. ಮೂವತ್ತು ಪುಸ್ತಕಗಳ ಸಾಲೊಂದರ ಸಿದ್ಧ ಟೆಕ್ಸ್ಚರನ್ನು, ಅಂದರೆ ಮೇಲ್ಮೈಗೆ ಹಚ್ಚುವ ಚಿತ್ರವನ್ನು ತಂದು, ಅದನ್ನು ಎಲ್ಲ ಕಪಾಟುಗಳಿಗೂ ಹಚ್ಚಿ, ಗುರುತು ಸಿಗಬಾರದೆಂದು ಕೆಲವು ಕಡೆ ಎಡಬಲ ತಿರುಗಿಸಿ, ಕಡಿಮೆ ಸ್ಯಾಂಪಲ್‌ಗಳಲ್ಲಿ ರೆಂಡರ್ ಮಾಡಿ, ಉಳಿದ ಕಾಳುಕಾಳಾದ ಕಲೆಗಳನ್ನು ಅಳಿಸುವ ಕೆಲಸವನ್ನು ಡಿನಾಯ್ಸರ್‌ಗೆ ಬಿಟ್ಟಿದ್ದೆ. ಇವುಗಳಲ್ಲಿ ಪ್ರತಿಯೊಂದೂ ಅಕ್ಷರವನ್ನು ಒಂದೊಂದು ರೀತಿಯಲ್ಲಿ ಕೆಡಿಸುತ್ತದೆ. ಆದರೆ ಇವೆಲ್ಲಕ್ಕೂ ಮೊದಲು ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಬೇರೆಯೇ ಇತ್ತು: ಈ ಪುಸ್ತಕದ ಬೆನ್ನಿಗೆ ಅಂತಿಮ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಸಿಗುತ್ತದೆ?

ಇದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ನನ್ನ ಚಿತ್ರದ ಅಗಲ 3840 ಪಿಕ್ಸೆಲ್. ಕ್ಯಾಮೆರಾದ ಸೆನ್ಸರ್ ಅಗಲ 36 ಮಿಲಿಮೀಟರ್, ಲೆನ್ಸ್ 24 ಮಿಲಿಮೀಟರ್. 36ನ್ನು 24ರಿಂದ ಭಾಗಿಸಿದರೆ ಒಂದೂವರೆ. ಅಂದರೆ ಕ್ಯಾಮೆರಾದಿಂದ ಎಷ್ಟು ದೂರ ಹೋಗುತ್ತೇವೋ ಅದರ ಒಂದೂವರೆಪಟ್ಟು ಅಗಲ ಚಿತ್ರದಲ್ಲಿ ಹಿಡಿಯುತ್ತದೆ. ಒಂದೂವರೆ ಮೀಟರ್ ದೂರದ ಕಪಾಟಿನಲ್ಲಿ 2.25 ಮೀಟರ್ ಅಗಲ ಕಾಣುತ್ತದೆ, ಆದ್ದರಿಂದ ಪ್ರತಿ ಮಿಲಿಮೀಟರಿಗೆ ಸುಮಾರು 1.7 ಪಿಕ್ಸೆಲ್ ಸಿಗುತ್ತದೆ. 25 ಮಿಲಿಮೀಟರ್ ದಪ್ಪದ ಪುಸ್ತಕದ ಬೆನ್ನು 43 ಪಿಕ್ಸೆಲ್ ಅಗಲವಾಗುತ್ತದೆ. ಅದರ ಮೇಲೆ 10 ಮಿಲಿಮೀಟರ್ ಎತ್ತರದ ಅಕ್ಷರವಿದ್ದರೆ ಆ ಅಕ್ಷರಕ್ಕೆ 17 ಪಿಕ್ಸೆಲ್. ಅದೇ ಪುಸ್ತಕ ನಾಲ್ಕು ಮೀಟರ್ ದೂರದಲ್ಲಿದ್ದರೆ ಬೆನ್ನಿಗೆ 16 ಪಿಕ್ಸೆಲ್, ಅಕ್ಷರಕ್ಕೆ 6. ಹತ್ತು ಮೀಟರ್ ದೂರದಲ್ಲಿ ಬೆನ್ನಿಗೇ ಆರು ಪಿಕ್ಸೆಲ್ ಉಳಿದು, ಅಕ್ಷರಕ್ಕೆ ಎರಡೂವರೆ ಸಿಗುತ್ತದೆ.

ಎಷ್ಟಿದ್ದರೆ ಓದಬಹುದು? ನನ್ನ ಅನುಭವದಲ್ಲಿ ರೋಮನ್ ಲಿಪಿಯ ದೊಡ್ಡಕ್ಷರಗಳು ಎಂಟು ಪಿಕ್ಸೆಲ್ ಎತ್ತರಕ್ಕೇ ಗುರುತು ಸಿಗುತ್ತವೆ. ಕನ್ನಡಕ್ಕೆ ಅಷ್ಟು ಸಾಲದು. ನಮ್ಮ ಅಕ್ಷರದ ಎತ್ತರದಲ್ಲಿ ತಲೆಕಟ್ಟು, ಗುಣಿತದ ಚಿಹ್ನೆ, ಕೆಳಗಿನ ಒತ್ತಕ್ಷರ ಎಲ್ಲವೂ ಪಾಲು ಕೇಳುತ್ತವೆ. ಒತ್ತು ಮೂಲಾಕ್ಷರಕ್ಕಿಂತ ಚಿಕ್ಕದಾಗಿರುವುದರಿಂದ ಮೊದಲು ಕಲಸಿಹೋಗುವುದು ಅದೇ. ಒತ್ತು ಸೇರಿದಂತೆ ಒಟ್ಟು ಹದಿನೈದು ಪಿಕ್ಸೆಲ್‌ಗಿಂತ ಕಡಿಮೆಯಾದರೆ ನಾನು ಆ ಶೀರ್ಷಿಕೆಯನ್ನು ಓದಲಾಗದ್ದೆಂದೇ ಪರಿಗಣಿಸುತ್ತೇನೆ.

ಈ ಲೆಕ್ಕ ಕೋಣೆಯನ್ನು ತಾನಾಗಿಯೇ ಮೂರು ವಲಯಗಳಾಗಿ ಒಡೆಯುತ್ತದೆ. ಒಂದೂವರೆ ಎರಡು ಮೀಟರ್ ಒಳಗಿನ ಪುಸ್ತಕಗಳಲ್ಲಿ ನಿಜವಾದ ಶೀರ್ಷಿಕೆ ಇರಲೇಬೇಕು, ಏಕೆಂದರೆ ನೋಡುವವರು ಅದನ್ನು ಓದುತ್ತಾರೆ. ನಾಲ್ಕು ಮೀಟರ್ ಆಚೆಗಿನ ಪುಸ್ತಕಗಳಲ್ಲಿ ಅಕ್ಷರಗಳು ಕಾಣಲೇಬಾರದು. ಶೀರ್ಷಿಕೆ ಇರುವ ಜಾಗದಲ್ಲಿ ಮಾಸಲು ಪಟ್ಟಿಯೊಂದು ಕಂಡರೆ ಸಾಕು, ದೂರದಿಂದ ನಿಜವಾದ ಕಪಾಟನ್ನು ನೋಡುವಾಗಲೂ ನಮಗೆ ಕಾಣುವುದು ಅಷ್ಟೇ. ಇವೆರಡರ ನಡುವಿನ ಎರಡು ಮೀಟರ್ ಜಾಗವೇ ಅಪಾಯದ್ದು. ಅಲ್ಲಿ ಅಕ್ಷರಕ್ಕೆ ಆರರಿಂದ ಹದಿಮೂರು ಪಿಕ್ಸೆಲ್ ಸಿಗುತ್ತದೆ. ಅಕ್ಷರ ಇದೆ ಎಂದು ತಿಳಿಯಲು ಅಷ್ಟು ಸಾಕು, ಯಾವ ಅಕ್ಷರ ಎಂದು ತಿಳಿಯಲು ಸಾಲದು. ಗ್ರಂಥಪಾಲಕರ ಬೆರಳು ಬಿದ್ದದ್ದು ಸರಿಯಾಗಿ ಆ ವಲಯದ ಮೇಲೆ. ಮಸುಕನ್ನು ನಮ್ಮ ಕಣ್ಣು ಸುಲಭವಾಗಿ ಒಪ್ಪಿಕೊಳ್ಳುತ್ತದೆ, ಚೂಪಾಗಿ ಕಾಣುವ ಸುಳ್ಳು ಅಕ್ಷರವನ್ನು ಒಪ್ಪಿಕೊಳ್ಳುವುದಿಲ್ಲ.

ಇಲ್ಲಿ ಕೋನದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ನಾನು ಇದನ್ನು ತಡವಾಗಿ ಕಲಿತೆ. ವಾಚನಾಲಯದ ಚಿತ್ರವೆಂದರೆ ನಾವು ಸಾಮಾನ್ಯವಾಗಿ ಕೋಣೆಯ ಉದ್ದಕ್ಕೆ ಕ್ಯಾಮೆರಾ ಇಟ್ಟು, ಎರಡೂ ಬದಿಯ ಗೋಡೆಗಳ ಕಪಾಟುಗಳು ಹಿಂದಕ್ಕೆ ಸಾಗುವಂತೆ ತೋರಿಸುತ್ತೇವೆ. ಹಾಗೆ ಮಾಡಿದಾಗ ಪಕ್ಕದ ಕಪಾಟು ಎಷ್ಟೇ ಹತ್ತಿರವಿದ್ದರೂ ಅದರ ಬೆನ್ನುಗಳು ಓರೆಯಾಗಿ ಕಾಣುತ್ತವೆ. ನೇರ ನೋಟದಿಂದ 60 ಡಿಗ್ರಿ ತಿರುಗಿದ ಬೆನ್ನಿನ ಅಗಲ ಅರ್ಧಕ್ಕೆ ಇಳಿಯುತ್ತದೆ. ಶೀರ್ಷಿಕೆ ಬೆನ್ನಿನ ಉದ್ದಕ್ಕೆ ಮಲಗಿರುವುದರಿಂದ ಅಕ್ಷರದ ಎತ್ತರವು ಬೆನ್ನಿನ ಅಗಲದ ದಿಕ್ಕಿನಲ್ಲಿದೆ; ಹಾಗಾಗಿ ಅರ್ಧವಾಗುವುದು ಅಕ್ಷರದ ಎತ್ತರವೇ. ಹದಿನೇಳು ಪಿಕ್ಸೆಲ್ ಎಂದು ಲೆಕ್ಕ ಹಾಕಿದ್ದು ಎಂಟೂವರೆಯಾಗಿ, ಹತ್ತಿರದ ಪುಸ್ತಕವೇ ಅಪಾಯದ ವಲಯಕ್ಕೆ ಜಾರುತ್ತದೆ. ಎರಡನೆಯ ಸಲ ನಾನು ಬಲಗಡೆಯ ಒಂದು ಕಪಾಟನ್ನು ಗೋಡೆಯಿಂದ ಮುಂದಕ್ಕೆ ಚಾಚಿ, ಅದರ ಮುಖ ಕ್ಯಾಮೆರಾದ ಕಡೆಗೆ ಇರುವಂತೆ ಇಟ್ಟೆ. ಹಲವು ಹಳೆಯ ಗ್ರಂಥಾಲಯಗಳಲ್ಲಿ ಕಪಾಟುಗಳು ಹೀಗೆ ಗೋಡೆಗೆ ಅಡ್ಡಲಾಗಿ ನಿಂತು ಸಣ್ಣಸಣ್ಣ ಅಂಕಣಗಳನ್ನು ಮಾಡಿಕೊಡುತ್ತವೆ. ಆದ್ದರಿಂದ ಕಟ್ಟಡದ ದೃಷ್ಟಿಯಿಂದಲೂ ಅದು ಸಹಜವಾಗಿತ್ತು. ಓದಬೇಕಾದ ಪುಸ್ತಕಗಳೆಲ್ಲ ಆ ಒಂದೇ ಕಪಾಟಿನಲ್ಲಿ ನೇರವಾಗಿ ನಿಂತವು.

ಆ ಕಪಾಟಿನ ಅಗಲ 90 ಸೆಂಟಿಮೀಟರ್. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಅಂತರ. ಚಿತ್ರದ ಚೌಕಟ್ಟಿನೊಳಗೆ ಅದರ ನಾಲ್ಕು ಸಾಲುಗಳು ಬೀಳುತ್ತವೆ, ಸಾಲಿಗೆ ಸುಮಾರು ಮೂವತ್ತು ಪುಸ್ತಕ. ಹಾಗಾದರೆ ನಿಜವಾಗಿ ಬರೆಯಬೇಕಾದ ಬೆನ್ನುಗಳು 120. ಇಡೀ ಕೋಣೆಯಲ್ಲಿ ಸಾವಿರಾರು ಪುಸ್ತಕಗಳಿದ್ದರೂ ನಮ್ಮ ಶ್ರಮ ಸಲ್ಲಬೇಕಾದದ್ದು ಈ ನೂರಿಪ್ಪತ್ತಕ್ಕೆ. ಎರಡು ದಿನಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು.

ಈ ಬೆನ್ನುಗಳನ್ನು ಒಂದೊಂದು ಬಿಡಿ ಚಿತ್ರವಾಗಿ ಇಡದೆ ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿದೆ. ಇದನ್ನು ಟೆಕ್ಸ್ಚರ್ ಅಟ್ಲಾಸ್ ಎನ್ನುತ್ತಾರೆ. ಹಾಳೆ 4096 ಪಿಕ್ಸೆಲ್ ಚೌಕ. ಅದನ್ನು 32 ಕಂಬಗಳು, 4 ಅಡ್ಡಸಾಲುಗಳಾಗಿ ಭಾಗಿಸಿದರೆ 128 ಮನೆಗಳು, ಒಂದೊಂದು ಮನೆ 128 ಪಿಕ್ಸೆಲ್ ಅಗಲ, 1024 ಪಿಕ್ಸೆಲ್ ಎತ್ತರ. 25 ಮಿಲಿಮೀಟರ್ ದಪ್ಪ, 200 ಮಿಲಿಮೀಟರ್ ಎತ್ತರದ ಬೆನ್ನಿನ ಪ್ರಮಾಣವೂ ಒಂದಕ್ಕೆ ಎಂಟೇ ಆದ್ದರಿಂದ ಅದು ಆ ಮನೆಯಲ್ಲಿ ಸರಿಯಾಗಿ ಕೂರುತ್ತದೆ. ಹೀಗೆ ಮಿಲಿಮೀಟರಿಗೆ ಐದು ಪಿಕ್ಸೆಲ್ ಸಿಗುತ್ತದೆ. ಚಿತ್ರಕ್ಕೆ ಬೇಕಾದದ್ದು 1.7, ಅದರ ಎರಡುಪಟ್ಟಿದ್ದರೂ ಸಾಕಿತ್ತು, ಇಲ್ಲಿ ಮೂರುಪಟ್ಟು ಇದೆ.

ಪುಸ್ತಕದ ಮಾದರಿ ಒಂದೇ, ಅದನ್ನು ನೂರಾರು ಕಡೆ ಇನ್‌ಸ್ಟನ್ಸ್ ಆಗಿ ಇಡುತ್ತೇವೆ. ಪ್ರತಿಯೊಂದಕ್ಕೂ `spine_id` ಎಂಬ ಸಂಖ್ಯೆ ಕೊಟ್ಟರೆ, ಯಾವ ಮನೆಯ ಚಿತ್ರ ತೆಗೆದುಕೊಳ್ಳಬೇಕೆಂದು ಮೇಲ್ಮೈಯ ನೋಟವನ್ನು ನಿರ್ಧರಿಸುವ ಶೇಡರ್ ಲೆಕ್ಕ ಹಾಕುತ್ತದೆ. ಬ್ಲೆಂಡರ್‌ನಲ್ಲಾದರೆ `Attribute` ನೋಡ್‌ನ ಬಗೆಯನ್ನು `Instancer` ಎಂದು ಇಟ್ಟಾಗ ಈ ಸಂಖ್ಯೆ ಒಳಗೆ ಸಿಗುತ್ತದೆ. ಲೆಕ್ಕ ಇಷ್ಟೇ:

```python
col = spine_id % 32
row = spine_id // 32
u = (col + uv_x * w) / 32
v = (row + uv_y * h) / 4
```

ಇಲ್ಲಿನ `w` ಮತ್ತು `h` ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಮೊದಲ ಸಲ ನಾನು ಪುಸ್ತಕಗಳ ದಪ್ಪವನ್ನು ಮನಸ್ಸಿಗೆ ಬಂದಂತೆ ಹಿಗ್ಗಿಸಿ ಕುಗ್ಗಿಸಿದ್ದೆ. ದಪ್ಪ ಹಿಗ್ಗಿದಾಗ ಅದರ ಮೇಲಿನ ಅಕ್ಷರವೂ ಒಂದೇ ದಿಕ್ಕಿಗೆ ಹಿಗ್ಗಿ, ಯಾವ ಮುದ್ರಕರೂ ಬಳಸದ ಆಕಾರಕ್ಕೆ ಬರುತ್ತದೆ. ಅಕ್ಷರ ಸರಿಯಿದ್ದರೂ ಪುಸ್ತಕ ಸುಳ್ಳೆನಿಸುವುದಕ್ಕೆ ಇದೊಂದೇ ಸಾಕು. ಆದ್ದರಿಂದ ಬೆನ್ನಿನ ವಿನ್ಯಾಸವೇ ಪುಸ್ತಕದ ದಪ್ಪವನ್ನು ನಿರ್ಧರಿಸಬೇಕು. 18 ಮಿಲಿಮೀಟರ್ ಪುಸ್ತಕವನ್ನು ಬರೆಯುವಾಗ ಮನೆಯ 128 ಪಿಕ್ಸೆಲ್‌ಗಳಲ್ಲಿ 92ನ್ನು ಮಾತ್ರ ಬಳಸಿ, ಆ ಪಾಲನ್ನು `w` ಆಗಿ ಸಂಖ್ಯೆಯ ಜೊತೆ ದಾಖಲಿಸುತ್ತೇನೆ. ಪುಸ್ತಕದ ಮಾದರಿ ಆ ಪಾಲನ್ನು ಓದಿಕೊಂಡು ತನ್ನ ದಪ್ಪವನ್ನು ಹೊಂದಿಸಿಕೊಳ್ಳುತ್ತದೆ. ಎತ್ತರಕ್ಕೂ `h` ಹೀಗೆಯೇ. 40 ಮಿಲಿಮೀಟರ್ ಪುಸ್ತಕಕ್ಕೆ ಪಕ್ಕದ ಎರಡು ಮನೆಗಳನ್ನು ಸೇರಿಸಿ ಕೊಡುತ್ತೇನೆ. ಬಿಡಿ ಪುಸ್ತಕಗಳನ್ನು ಎಡಬಲ ತಿರುಗಿಸುವುದನ್ನಂತೂ ಪೂರ್ತಿ ಬಿಟ್ಟಿದ್ದೇನೆ, ಏಕೆಂದರೆ ಕನ್ನಡಿಯಲ್ಲಿ ಕಂಡಂಥ ಒಂದೇ ಒಂದು ಶೀರ್ಷಿಕೆ ಇಡೀ ಸಾಲನ್ನು ಬಯಲು ಮಾಡುತ್ತದೆ.

ಇನ್ನು ಅಕ್ಷರ ಬರೆಯುವ ಕೆಲಸ. 3ಡಿ ತಂತ್ರಾಂಶದ ಒಳಗಿನ ಪಠ್ಯ ಸಲಕರಣೆಯಲ್ಲಿ ಕನ್ನಡವನ್ನು ಟೈಪ್ ಮಾಡಬೇಡಿ ಎಂಬುದು ನನ್ನ ಸಲಹೆ. ಕನ್ನಡದ ಒತ್ತಕ್ಷರ ಸರಿಯಾಗಿ ಬರಬೇಕಾದರೆ ಅಕ್ಷರಗಳನ್ನು ಕೂಡಿಸಿ ಹೊಸ ಆಕಾರ ಕೊಡುವ ಒಂದು ಹಂತ ಬೇಕು. ಆ ಹಂತವಿಲ್ಲದ ಕಡೆ 'ವಿಜ್ಞಾನ' ಎಂಬುದು 'ವಿಜ್‌ಞಾನ' ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಯುನಿಕೋಡ್ ಫಾಂಟಿಗೆ ಅಂಟಿಸಿದಾಗ 'ಕನ್ನಡ' ಎಂಬ ಪದ `PÀ£ÀßqÀ` ಆಗಿ ಕಾಣುವುದನ್ನು ನೀವೆಲ್ಲ ನೋಡಿದ್ದೀರಿ. ರೆಂಡರ್ ಮಾಡಿ ಮುಗಿಸಿದ ಮೇಲೆ ಇಂಥದ್ದು ಕಣ್ಣಿಗೆ ಬಿದ್ದರೆ ಎಷ್ಟು ಸಂಕಟವಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ. ಆದ್ದರಿಂದ ಇಡೀ ಹಾಳೆಯನ್ನು ಅಲ್ಲಿ ರಚಿಸಿ, ಪಿಎನ್‌ಜಿ ಚಿತ್ರವಾಗಿ ಹೊರತೆಗೆದು, ಆಮೇಲೆ ಟೆಕ್ಸ್ಚರ್ ಆಗಿ ಬಳಸುತ್ತೇನೆ. ಚಿತ್ರವಾದ ಮೇಲೆ ಅಕ್ಷರ ಒಡೆಯುವ ಭಯವಿಲ್ಲ.

ಬೆನ್ನಿನ ಮೇಲೆ ಏನು ಬರೆಯಬೇಕು ಎಂಬ ಪ್ರಶ್ನೆ ನನಗೆ ಬಹಳ ಪ್ರಿಯವಾದದ್ದು. ಅರ್ಥವಿಲ್ಲದ ಮಾದರಿ ಪಠ್ಯವನ್ನು ತುಂಬಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ನಾನು ಮೊದಲು ವಿಷಯದ ಪಟ್ಟಿ ಮಾಡುತ್ತೇನೆ. ಕಪಾಟಿನ ಮೇಲಿನ ಸಾಲು ಗಣಿತವಾದರೆ ಅದರ ನಂತರ ಖಗೋಳ, ಭೌತ, ರಸಾಯನ ಬರುತ್ತವೆ. ಪ್ರತಿ ಬೆನ್ನಿನ ಬುಡದಲ್ಲಿ ಗ್ರಂಥಾಲಯದ ಬಿಳಿ ಚೀಟಿ ಇರುತ್ತದೆ; ಅದರ ಮೇಲೆ ವರ್ಗಸಂಖ್ಯೆ, ಕೆಳಗೆ ಲೇಖಕರ ಹೆಸರಿನ ಮೊದಲಕ್ಷರಗಳು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಗಣಿತ 510, ಖಗೋಳ 520, ಭೌತ 530, ರಸಾಯನ 540, ಕನ್ನಡ ಸಾಹಿತ್ಯ 894.814. ಈ ಸಂಖ್ಯೆಗಳು ಎಡದಿಂದ ಬಲಕ್ಕೆ ಏರುತ್ತಾ ಹೋಗಿ, ಸಾಲು ಮುಗಿದ ಮೇಲೆ ಅದೇ ಕಪಾಟಿನ ಕೆಳಗಿನ ಸಾಲಿಗೆ ಇಳಿಯಬೇಕು. ಐದು ಮಿಲಿಮೀಟರ್ ಎತ್ತರದ ಅಂಕಿಗೆ ಒಂದೂವರೆ ಮೀಟರ್ ದೂರದಲ್ಲಿ ಎಂಟು ಪಿಕ್ಸೆಲ್ ಸಿಗುವುದರಿಂದ ಅದು ಓದಲು ಬರುತ್ತದೆ. ಚೀಟಿಗಳೆಲ್ಲ ಒಂದೇ ಎತ್ತರದಲ್ಲಿ ಸಾಲಾಗಿ ಕಾಣುವುದೇ ಗ್ರಂಥಾಲಯದ ಗುರುತು. ಮನೆಯ ಪುಸ್ತಕದ ಕಪಾಟಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಈ ಬಿಳಿಯ ಸಾಲು ದೂರದಿಂದಲೇ ಹೇಳಿಬಿಡುತ್ತದೆ. ಆದ್ದರಿಂದ ದೂರದ ವಲಯದಲ್ಲಿ ಶೀರ್ಷಿಕೆಗಳನ್ನು ಕೈಬಿಟ್ಟರೂ ಈ ಬಿಳಿ ಚುಕ್ಕೆಗಳನ್ನು ನಾನು ಕೈಬಿಡುವುದಿಲ್ಲ.

ನಡುವಿನ ಅಪಾಯದ ವಲಯಕ್ಕೆ ಗ್ರಂಥಾಲಯವೇ ಒಂದು ಸಹಜ ಉಪಾಯವನ್ನು ಇಟ್ಟುಕೊಂಡಿದೆ. ನಿಯತಕಾಲಿಕೆಗಳ ಹಳೆಯ ಸಂಚಿಕೆಗಳನ್ನು ವರ್ಷಕ್ಕೊಂದರಂತೆ ಸೇರಿಸಿ, ಒಂದೇ ಬಣ್ಣದ ಬಟ್ಟೆಯ ರಟ್ಟು ಹಾಕಿಸಿ ಇಟ್ಟಿರುತ್ತಾರೆ. ಬೆನ್ನಿನ ಮೇಲೆ ಪತ್ರಿಕೆಯ ಹೆಸರು, ಸಂಪುಟ, ವರ್ಷ ಅಡ್ಡಲಾಗಿ ಅಚ್ಚಾಗಿರುತ್ತವೆ. ಎಲ್ಲವೂ ಒಂದೇ ಎತ್ತರ, ಹೆಚ್ಚುಕಡಿಮೆ ಒಂದೇ ದಪ್ಪ, ವರ್ಷ ಮಾತ್ರ ಬೇರೆ. ಬೇರೆಡೆ ಕಣ್ಣಿಗೆ ಚುಚ್ಚುವ ಪುನರಾವರ್ತನೆ ಇಲ್ಲಿ ಸತ್ಯವೇ ಆಗಿರುವುದರಿಂದ, ಎರಡರಿಂದ ನಾಲ್ಕು ಮೀಟರ್ ನಡುವಿನ ಕಪಾಟುಗಳನ್ನು ನಾನು ಇಂಥ ಸಂಪುಟಗಳಿಂದಲೇ ತುಂಬಿದೆ. ವರ್ಷದ ಅಂಕಿಗಳು 12 ಮಿಲಿಮೀಟರ್ ಎತ್ತರವಿರುವುದರಿಂದ ಮೂರು ಮೀಟರ್ ದೂರದಲ್ಲೂ ಹತ್ತು ಪಿಕ್ಸೆಲ್ ಉಳಿಸಿಕೊಳ್ಳುತ್ತವೆ, ಮತ್ತು 1961ರ ನಂತರ 1962 ಬರುವುದನ್ನು ಕಣ್ಣು ಓದದೆಯೇ ಗ್ರಹಿಸುತ್ತದೆ.

ಈಗ ಡಿನಾಯ್ಸರ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೊದಲ ಚಿತ್ರದಲ್ಲಿ ನಾನು ಕಂಡ ಕೊಂಡಿ ಮತ್ತು ಸೊನ್ನೆಗಳು ಹುಟ್ಟಿದ್ದು ಮುಖ್ಯವಾಗಿ ಅಲ್ಲೇ. ಕಡಿಮೆ ಸ್ಯಾಂಪಲ್‌ಗಳಲ್ಲಿ ಆರು ಪಿಕ್ಸೆಲ್ ಎತ್ತರದ ಅಕ್ಷರವೊಂದು ಕಪ್ಪು ಬಿಳಿ ಚುಕ್ಕೆಗಳ ಗುಂಪಾಗಿ ಉಳಿದಿರುತ್ತದೆ. ಯಾವ ಚುಕ್ಕೆ ಅಕ್ಷರದ್ದು, ಯಾವುದು ಕಲೆಯದ್ದು ಎಂದು ಡಿನಾಯ್ಸರ್‌ಗೆ ತಿಳಿಯುವುದಿಲ್ಲ. ಅದು ಪಕ್ಕದ ಚುಕ್ಕೆಗಳನ್ನು ಸೇರಿಸಿ ನಯವಾದ ಗೆರೆ ಎಳೆಯುತ್ತದೆ. ಆ ಗೆರೆಯೇ ಅಕ್ಷರದಂತೆ ಕಾಣುವ, ಅಕ್ಷರವಲ್ಲದ ಆಕಾರ. ಇದಕ್ಕೆ ಎರಡು ಪರಿಹಾರಗಳನ್ನು ಒಟ್ಟಿಗೆ ಮಾಡಬೇಕು. ಡಿನಾಯ್ಸರ್‌ಗೆ ಬೆಳಕು ಸೇರಿಸದ ಮೂಲ ಬಣ್ಣದ ಪದರವನ್ನೂ ಕೊಡಬೇಕು. ಬ್ಲೆಂಡರ್‌ನಲ್ಲಿ `Passes` ಎಂಬಲ್ಲಿ `Albedo and Normal` ಆರಿಸಿ, `Prefilter` ಅನ್ನು `Accurate` ಮಾಡಿದರೆ ಅಕ್ಷರದ ಅಂಚು ಎಲ್ಲಿದೆ ಎಂಬ ಸುಳಿವು ಅದಕ್ಕೆ ಸಿಗುತ್ತದೆ. ಇದು ಹತ್ತಿರದ ನೂರಿಪ್ಪತ್ತು ಪುಸ್ತಕಗಳನ್ನು ಕಾಪಾಡುತ್ತದೆ.

ದೂರದವುಗಳಿಗೆ ಬೇರೆ ದಾರಿ ಬೇಕು. ಹತ್ತು ಮೀಟರ್ ಆಚೆಗೆ ಇಡೀ ಅಕ್ಷರವೇ ಎರಡೂವರೆ ಪಿಕ್ಸೆಲ್ ಇರುವಾಗ ಯಾವ ಸುಳಿವೂ ಸಾಲದು. ಹಾಗಾಗಿ ನಾನು ಅದೇ ಅಟ್ಲಾಸನ್ನು 512 ಪಿಕ್ಸೆಲ್‌ಗೆ ಇಳಿಸಿದ ಇನ್ನೊಂದು ಪ್ರತಿ ಮಾಡಿ, ನಾಲ್ಕು ಮೀಟರ್ ಆಚೆಗಿನ ಬಿಡಿ ಪುಸ್ತಕಗಳಿಗೆ ಅದನ್ನು ಹಚ್ಚುತ್ತೇನೆ. ಅದರಲ್ಲಿ 25 ಮಿಲಿಮೀಟರ್ ಬೆನ್ನಿಗೆ 16 ಪಿಕ್ಸೆಲ್ ಇರುತ್ತದೆ, ನಾಲ್ಕು ಮೀಟರ್ ದೂರದಲ್ಲಿ ಚಿತ್ರಕ್ಕೆ ಬೇಕಾದದ್ದೂ ಸರಿಯಾಗಿ ಅಷ್ಟೇ. ಇಳಿಸುವಾಗಲೇ ಅಕ್ಷರಗಳು ಸರಾಸರಿಯಾಗಿ ಬೆರೆತು ಮೆತ್ತನೆಯ ಪಟ್ಟಿಯಾಗಿರುತ್ತವೆ. ಡಿನಾಯ್ಸರ್‌ಗೆ ಗೆರೆ ಎಳೆಯಲು ಚೂಪಾದ ಚುಕ್ಕೆಗಳೇ ಸಿಗುವುದಿಲ್ಲ. ಇಳಿಸುವಾಗ ಮನೆಯಿಂದ ಮನೆಗೆ ಬಣ್ಣ ಸೋರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಪ್ರತಿ ಬೆನ್ನಿನ ಹಿನ್ನೆಲೆ ಬಣ್ಣವನ್ನು ಮನೆಯ ಅಂಚಿನವರೆಗೂ ಹರಡಿ, ಅಕ್ಷರಗಳನ್ನು ಎಂಟು ಪಿಕ್ಸೆಲ್ ಒಳಗೆ ಇಟ್ಟಿದ್ದರೆ ದೊಡ್ಡ ತೊಂದರೆಯಾಗುವುದಿಲ್ಲ.

ಚಿನ್ನದ ಅಚ್ಚಿನ ಬಗ್ಗೆ ಚಿಕ್ಕದಾಗಿ. ಚರ್ಮದ ರಟ್ಟಿನ ಪುಸ್ತಕಗಳಲ್ಲಿ ಬೆನ್ನಿನ ಮೇಲೆ ಸಾಮಾನ್ಯವಾಗಿ ಐದು ಉಬ್ಬುಪಟ್ಟಿಗಳು, ಅವುಗಳಿಂದ ಭಾಗವಾದ ಆರು ಅಂಕಣಗಳು ಇರುತ್ತವೆ. ಶೀರ್ಷಿಕೆ ಹೆಚ್ಚಾಗಿ ಮೇಲಿನಿಂದ ಎರಡನೆಯದರಲ್ಲಿ. ಆ ಅಕ್ಷರಗಳನ್ನು ಹಳದಿ ಬಣ್ಣದಿಂದ ತುಂಬಿದರೆ ಬಣ್ಣ ಬಳಿದಂತೆ ಕಾಣುತ್ತದೆ. ಲೋಹವಾಗಿ ಮಾಡಿದರೆ ಅದು ತನ್ನ ಎದುರಿಗಿರುವುದನ್ನು ಪ್ರತಿಫಲಿಸುತ್ತದೆ, ಎದುರಿಗೆ ಕತ್ತಲೆಯಿದ್ದರೆ ಅಕ್ಷರವೇ ಮಾಯವಾಗುತ್ತದೆ. ಮೊದಲಿಗೆ ನಾನು ಇದನ್ನು ದೋಷವೆಂದು ತಿಳಿದು ಹೆಚ್ಚುವರಿ ದೀಪ ಹಾಕಲು ಹೊರಟಿದ್ದೆ. ಆಮೇಲೆ ನಿಜವಾದ ಕಪಾಟಿನ ಮುಂದೆ ನಿಂತು ನೋಡಿದಾಗ, ಕಿಟಕಿಯ ಕಡೆಗೆ ಸ್ವಲ್ಪ ತಿರುಗಿದ ಪುಸ್ತಕಗಳ ಚಿನ್ನ ಮಾತ್ರ ಹೊಳೆಯುತ್ತಿತ್ತು, ಪಕ್ಕದವು ಕಂದು ಬಣ್ಣದಲ್ಲಿ ಮುಳುಗಿದ್ದವು. ಪ್ರತಿ ಪುಸ್ತಕವನ್ನು ಒಂದೆರಡು ಡಿಗ್ರಿ ಅತ್ತಿತ್ತ ತಿರುಗಿಸಿ, ಮಾಯವಾಗುವ ಅಕ್ಷರಗಳನ್ನು ಮಾಯವಾಗಲು ಬಿಟ್ಟೆ. ಆ ಸಾಲು ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ.

ಪರೀಕ್ಷೆಯನ್ನು ನಾನು ಎರಡು ಸಲ ಮಾಡುತ್ತೇನೆ. ಮೊದಲು ಚಿತ್ರವನ್ನು ಹಿಗ್ಗಿಸದೆ ಕುಗ್ಗಿಸದೆ ನೂರಕ್ಕೆ ನೂರರ ಅಳತೆಯಲ್ಲಿ ತೆರೆದು, ಸಾಲಿನಿಂದ ಸಾಲಿಗೆ ನಿಧಾನವಾಗಿ ಓದುತ್ತೇನೆ. ಓದಲು ಬಂದರೆ ಸರಿ, ಅಕ್ಷರವೇ ಕಾಣದಿದ್ದರೂ ಸರಿ. ಇವೆರಡರ ನಡುವೆ ಸಿಕ್ಕಿಬಿದ್ದ ಪುಸ್ತಕವನ್ನು ಗುರುತು ಹಾಕಿ, ಅದರ ಅಕ್ಷರವನ್ನು ದೊಡ್ಡದು ಮಾಡುತ್ತೇನೆ ಅಥವಾ ಚಿಕ್ಕ ಅಟ್ಲಾಸಿಗೆ ಕಳಿಸುತ್ತೇನೆ. ಎರಡನೆಯ ಸಲ ನೋಡುವುದು ಕೊನೆಗೆ ಜನರ ಕೈಗೆ ಹೋಗುವ ಜೆಪಿಇಜಿ ಪ್ರತಿಯನ್ನು. ಆ ಸಂಕೋಚನದಲ್ಲಿ ಸಾಮಾನ್ಯವಾಗಿ ಬಣ್ಣದ ವಿವರವನ್ನು ಬೆಳಕಿನ ವಿವರದ ಅರ್ಧಕ್ಕೆ ಇಳಿಸುವುದರಿಂದ, ಗಾಢ ಹಸಿರಿನ ಮೇಲಿನ ಕೆಂಪು ಅಕ್ಷರಗಳಂಥ, ಹೊಳಪಿನಲ್ಲಿ ವ್ಯತ್ಯಾಸವೇ ಇಲ್ಲದ ಜೋಡಿಗಳು ಅಲ್ಲಿ ಕರಗಿಹೋಗುತ್ತವೆ. ಬಣ್ಣ ಏನೇ ಇರಲಿ, ಅಕ್ಷರ ಮತ್ತು ಹಿನ್ನೆಲೆಗಳಲ್ಲಿ ಒಂದು ತಿಳಿಯಾಗಿ, ಇನ್ನೊಂದು ಗಾಢವಾಗಿ ಇರುವಂತೆ ನೋಡಿಕೊಂಡರೆ ಅವು ಉಳಿಯುತ್ತವೆ.

ಹೊಸ ಚಿತ್ರವನ್ನು ಅದೇ ಗ್ರಂಥಪಾಲಕರಿಗೆ ತೋರಿಸಿದೆ. ಅವರು ಈ ಸಲವೂ ಬಲಗಡೆಯ ಕಪಾಟಿನ ಹತ್ತಿರ ಬಾಗಿದರು, ಕನ್ನಡಕ ಸರಿಮಾಡಿಕೊಂಡರು, ಎಡದಿಂದ ಬಲಕ್ಕೆ ಬೆರಳು ಸರಿಸುತ್ತಾ ಹೋದರು. ಮೂರನೆಯ ಸಾಲಿನ ನಡುವೆ ಬೆರಳು ನಿಂತಿತು. "ನೋಡಿ, 537 ಆದ ಮೇಲೆ 535 ಇಟ್ಟಿದ್ದೀರಿ. ಬೆಳಕಿನ ಪುಸ್ತಕ ವಿದ್ಯುತ್ತಿನ ಪುಸ್ತಕಕ್ಕಿಂತ ಮೊದಲು ಬರಬೇಕಲ್ಲವೇ?" ಎಂದರು. ನಾನು ಆ ಎರಡು ಪುಸ್ತಕಗಳ `spine_id` ಅದಲುಬದಲು ಮಾಡಿ, ಆ ಭಾಗವನ್ನು ಮತ್ತೊಮ್ಮೆ ರೆಂಡರ್‌ಗೆ ಇಟ್ಟೆ.